ಸೊಂಟದಲ್ಲೊಂದು ಕಪ್ಪು ಚುಕ್ಕಿ

ಗಂಗಾಂಬಿಕಾ ಟೀಚರಿಗೆ ಆ ತಿಂಗಳೆಲ್ಲ ನಿದ್ದೆಗಣ್ಣಿನಲ್ಲೇ ಕಳೆಯಿತು. ಏಪ್ರಿಲ್ ಬಿಸಿಲಿಗೆ ಗೌಡಗೆರೆಯ ನಾಯಿಗಳು ನೆರಳು ಹುಡುಕಿಕೊಂಡು ಅಲೆಯುತ್ತಿದ್ದರೆ ಈಕೆ ನಡುಮನೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಆ ಮಾತು ಕೆರೆಯ ಆಚೆ ದಡದಿಂದ ಬಂದಂತೆ ನಿಧಾನಕ್ಕೆ ಬಂದು ಕಿವಿ ಸೇರುತ್ತಿತ್ತು. ಉತ್ತರ ಹೊಳೆಯುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಿದ್ದರು. ಮುಖ ಊದಿತ್ತು, ಕಾಲು ಭಾರ. ಆದರೂ ಆ ಮಂಪರು ಆಕೆಗೆ ಅಷ್ಟೇನೂ ಬೇಸರ ತರಲಿಲ್ಲ. ಇಪ್ಪತ್ತಾರು ವರ್ಷ ಅಂಗನವಾಡಿ ನಡೆಸಿದವಳಿಗೆ ಹಗಲು ಹೊತ್ತು ಕಣ್ಣು ಮುಚ್ಚುವುದೇ ಒಂದು ಐಭೋಗ.

ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಗ್ರಂಥಿಯನ್ನು ತೆಗೆದು ಐದು ವಾರವಾಗಿತ್ತು. ಗ್ರಂಥಿ ಹೋದ ಮೇಲೆ ದಿನಾ ನುಂಗಬೇಕಾದ ಮಾತ್ರೆಯನ್ನು ಡಾಕ್ಟರು ಬೇಕೆಂದೇ ಇನ್ನೂ ಕೊಟ್ಟಿರಲಿಲ್ಲ. ಮಂಪರಿಗೆ ಅದೇ ಕಾರಣ. ಡಾಕ್ಟರ್ ಸುನಿತಾ ಮೊದಲೇ ಬಿಡಿಸಿ ಹೇಳಿದ್ದರು: ಥೈರಾಯ್ಡಿನ ಕೋಶಗಳಿಗೆ ಅಯೋಡಿನ್ ಬೇಕೇ ಬೇಕು. ಮಾತ್ರೆಯಿಲ್ಲದೆ, ಅಯೋಡಿನ್ ಇಲ್ಲದ ಉಪ್ಪು ತಿಂದು ಇದ್ದರೆ ಅವು ಹಸಿದು ಕೂತಿರುತ್ತವೆ. ಆಗ ವಿಕಿರಣ ಸೂಸುವ ಅಯೋಡಿನ್ ಒಂದು ಗುಟುಕು ಕುಡಿಸಿದರೆ, ಅಂಥ ಕೋಶ ಮೈಯಲ್ಲಿ ಎಲ್ಲಿ ಅಡಗಿದ್ದರೂ ಅದನ್ನು ಎಳೆದುಕೊಳ್ಳುತ್ತದೆ, ಆ ಜಾಗ ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುತ್ತದೆ. ಕತ್ತಿನಲ್ಲಿ ಚೂರು ಕಂಡರೆ ಹೆದರಬೇಕಿಲ್ಲ. ಶ್ವಾಸಕೋಶದಲ್ಲೋ ಮೂಳೆಯಲ್ಲೋ ಕಂಡರೆ ಅದು ಹರಡಿದೆ ಎಂದು ಯೋಚಿಸಬೇಕಾಗುತ್ತದೆ.

ಹರಡಿದೆಯೋ ಇಲ್ಲವೋ. ಮನೆಯವರೆಲ್ಲ ತಿಂಗಳಿಂದ ಉಸಿರು ಬಿಗಿಹಿಡಿದಿದ್ದುದು ಇಷ್ಟಕ್ಕೇ.

ಸೋಮವಾರ ಔಷಧಿ ಕುಡಿಸಿ ಕಳಿಸುವಾಗ ಡಾಕ್ಟರು ಇನ್ನೆರಡು ಮಾತು ಹೇಳಿದರು. ಔಷಧಿ ಜೊಲ್ಲಿನಲ್ಲೂ ಮೂತ್ರದಲ್ಲೂ ಹೊರಗೆ ಬರುತ್ತದೆ, ಎಂಜಲು ಮಕ್ಕಳಿಗೆ ತಾಗಬಾರದು, ಮಕ್ಕಳನ್ನು ಎತ್ತಿಕೊಳ್ಳಬೇಡಿ, ಯಾರ ಪಕ್ಕದಲ್ಲೂ ಅಂಟಿ ಕೂರಬೇಡಿ. ನಾಳೆಯಿಂದ ಹುಳಿ ಏನಾದರೂ ಚಪ್ಪರಿಸುತ್ತಿರಿ, ಬಾಯಲ್ಲಿ ನೀರೂರಿದರೆ ಜೊಲ್ಲಿನ ಗ್ರಂಥಿಯಲ್ಲಿ ಔಷಧಿ ನಿಲ್ಲುವುದಿಲ್ಲ. ಒಂದೆರಡು ನಿಂಬೆಹಣ್ಣು ತಂದಿದ್ದರೆ ಸಾಕಿತ್ತು. ಆದರೆ ಮಧುಗಿರಿ ಕಡೆಯಿಂದ ಅಕ್ಕ ಮಾರಕ್ಕ ಕಳಿಸಿದ್ದ ಹುಣಸೆಹಣ್ಣು ಮನೆಯಲ್ಲಿ ಬುಟ್ಟಿಗಟ್ಟಲೆ ಇರುವಾಗ ನಿಂಬೆಹಣ್ಣಿಗೆ ಯಾರು ಹೋಗುತ್ತಾರೆ?

ಎರಡು ದಿನ ಗಂಗಾಂಬಿಕಾ ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಲಗಿ ಹುಣಸೆಹಣ್ಣು ಚಪ್ಪರಿಸಿದಳು. ಬೀಜ ಮಾತ್ರ ಸಮಸ್ಯೆಯಾಯಿತು. ತಿಪ್ಪೆಗೆ ಎಸೆದರೆ ಬೀದಿಯ ಮಕ್ಕಳು ಆರಿಸಿಕೊಂಡು ಚೌಕಾಬಾರಾ ಆಡುತ್ತವೆ. ಮೂಗಿಗೆ ತುರುಕಿಕೊಂಡ ಹುಣಸೆಬೀಜವನ್ನು ಆಕೆಯೇ ಎಷ್ಟು ಮಕ್ಕಳಿಗೆ ತೆಗೆದಿಲ್ಲ. ಮನೆಯಲ್ಲೂ ಮಗಳು ಸ್ಪಂದನಾಳ ಹತ್ತು ತಿಂಗಳ ಕೂಸು ಅಂಬೆಗಾಲಿಡುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿತ್ತು. ಕಕ್ಕಸಿಗೆ ಹಾಕಿದರೆ ಪೈಪು ಕಟ್ಟಿಕೊಂಡರೆ? ಯೋಚಿಸಿ ಯೋಚಿಸಿ, ಆಸ್ಪತ್ರೆಯವರಿಗೇ ಒಪ್ಪಿಸಿದರಾಯಿತೆಂದು ಪ್ರತಿ ಬೀಜವನ್ನೂ ಒಂದು ಬಟ್ಟೆಚೂರಿಗೆ ಉಗಿದು ಗಂಟು ಹಾಕಿ, ಮರೆಯಬಾರದೆಂದು ಲಂಗದ ಲಾಡಿಗೆ ಕಟ್ಟಿಕೊಂಡಳು. ಕಟ್ಟಿಕೊಂಡದ್ದೇ ಮರೆತಳು.

ಗುರುವಾರ ಬೆಳಿಗ್ಗೆ ಶಿರಾದಲ್ಲಿ ಬಸ್ಸು ಹತ್ತಿದಾಗ ಗಂಡ ದೇವರಾಜು ಹಿಂದಿನ ಸೀಟಿನಲ್ಲಿ ಕೂತ. ಲೈನ್‌ಮನ್ ಕೆಲಸದಲ್ಲಿ ಕಂಬ ಹತ್ತಿ ಇಳಿದ ಮನುಷ್ಯ, ಬಾಯಿಗೆ ಬಿಡುವಿಲ್ಲ. ತುಮಕೂರು ದಾಟುವವರೆಗೂ ಯಾವ ಊರಿನ ಟ್ರಾನ್ಸ್‌ಫಾರ್ಮರ್ ಯಾವಾಗ ಸುಟ್ಟಿತೆಂದು ಹೇಳುತ್ತಲೇ ಇದ್ದ. ಗಂಗಾಂಬಿಕಾ ಕಿಟಕಿಗೆ ತಲೆಯಾನಿಸಿ, ಮಾತುಗಳು ಒಂದೊಂದಾಗಿ ರಸ್ತೆಗೆ ಬಿದ್ದು ಹಿಂದೆ ಸರಿಯುವುದನ್ನು ನೋಡುತ್ತಿದ್ದಳು.

ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಪ್ರಸನ್ನ ಕುಮಾರ್ ಮೃದು ಮಾತಿನ ಹುಡುಗ. ಬಾತ್‌ರೂಮಿಗೆ ಹೋಗಿಬರಲು ಹೇಳಿದ. ಆಯಾ ಬಂದು ತಾಳಿ, ಬಳೆ, ಪಿನ್ನು ಎಲ್ಲ ತೆಗೆಸಿ, ಸೀರೆ ಬಿಚ್ಚಿಸಿ ನಿಲುವಂಗಿ ತೊಡಿಸಿದಳು. ಲಂಗ ಇರಲಿ ಎಂದಳು. ಕಿರಿದಾದ ಮಂಚದ ಮೇಲೆ ಮಲಗಿದ ಮೇಲೆ ಮೇಲೊಂದು ಕೆಳಗೊಂದು ಅಗಲವಾದ ಹಲಗೆಯಂಥ ಕ್ಯಾಮೆರಾ ತಲೆಯಿಂದ ಕಾಲಿನ ಕಡೆಗೆ ಬಲು ನಿಧಾನಕ್ಕೆ ಸರಿಯತೊಡಗಿದವು.

"ಅಲ್ಲಾಡಬೇಡಿ ಅಮ್ಮ. ಅರ್ಧ ಗಂಟೆ."

ಅಲ್ಲಾಡುವ ಶಕ್ತಿಯಾದರೂ ಎಲ್ಲಿತ್ತು. ಕಣ್ಣು ಮುಚ್ಚಿದರೆ ಅಂಗನವಾಡಿಯ ಮಧ್ಯಾಹ್ನ. ಸಾಲಾಗಿ ಮಲಗಿದ ಮಕ್ಕಳು, ಚಾಪೆಯ ವಾಸನೆ, ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲು. ಆ ಕೋಲು ಒಂದೊಂದೇ ಮಗುವಿನ ಮೇಲೆ ಹಾದು ಹೋಗುತ್ತಿತ್ತು. ಕೊನೆಯ ಚಾಪೆಯ ಮೇಲೆ ತಾನೇ ಮಲಗಿದ್ದಳು, ಮೂರು ವರ್ಷದವಳು. ಬಿಸಿಲು ಅವಳ ಕತ್ತು ಮುಟ್ಟಿತು, ಹೊಟ್ಟೆ ಮುಟ್ಟಿತು, ಸೊಂಟದ ಹತ್ತಿರ ಬಂದು ಯಾಕೋ ತುಂಬ ಹೊತ್ತು ನಿಂತಿತು.

ಎಚ್ಚರವಾದಾಗ ಡಾಕ್ಟರ್ ಸುನಿತಾ ಪರದೆಯ ಮುಂದೆ ಬಗ್ಗಿ ನಿಂತಿದ್ದರು. ಪ್ರಸನ್ನ ಕುಮಾರ್ ಬೆರಳಿಟ್ಟು ಏನೋ ತೋರಿಸುತ್ತಿದ್ದ. ಬೂದುಬಣ್ಣದ ಮಸುಕು ಹೆಂಗಸೊಬ್ಬಳು ಆ ಪರದೆಯಲ್ಲಿ ಮಲಗಿದ್ದಳು.

"ಅದು ನಾನಾ ಮೇಡಂ?"

"ಹೌದು, ನೀವೇ. ಬಾಯಿ, ಹೊಟ್ಟೆ, ಮೂತ್ರಕೋಶ ಕಪ್ಪಗಿರೋದು ಎಲ್ಲರಿಗೂ ಇರುತ್ತೆ. ಔಷಧಿ ಅಲ್ಲಿಂದಾನೇ ಓಡಾಡೋದು. ಕತ್ತಿಂದೂ ನಾನು ನಿರೀಕ್ಷೆ ಮಾಡಿದ್ದೇ."

"ಈ ಸೊಂಟದ ತಾವ ಇರೋದು?"

ಡಾಕ್ಟರು ಸುಳ್ಳು ಹೇಳುವ ಪೈಕಿಯಲ್ಲ. ಇದ್ದದ್ದನ್ನೇ ಹೇಳಿದರು. "ಬಲಗಡೆ ಸೊಂಟದ ಮೂಳೆ ಇರೋ ಜಾಗ ಅದು. ಆದ್ರೆ ನಿಮ್ಮ ರಕ್ತದಲ್ಲಿ ಥೈರಾಯ್ಡಿನ ಗುರುತು ತೀರಾ ಕಡಿಮೆ ಇದೆ. ಮೂಳೆಗೆ ಹೋಗಿದ್ರೆ ಜಾಸ್ತಿ ಇರಬೇಕಿತ್ತು. ಎರಡೂ ತಾಳೆ ಆಗ್ತಿಲ್ಲ. ಒಂದು ಹನಿ ಮೂತ್ರ ಬಟ್ಟೆಗೆ ತಾಗಿದ್ರೂ ಹೀಗೇ ಕಾಣುತ್ತೆ. ಮುಂದಿನೋರ ಸ್ಕ್ಯಾನ್ ಮುಗೀಲಿ, ಮೈ ತೊಳೆದು ಬಟ್ಟೆ ಬದಲಾಯಿಸಿ, ಮೂಳೆ ತೋರ್ಸೋ ಸಿಟಿ ಸ್ಕ್ಯಾನ್ ಜೊತೆ ಇನ್ನೊಂದ್ಸಲ ತೆಗೀತೀನಿ."

ಇಷ್ಟೆಲ್ಲ ಮಾತಿನಲ್ಲಿ ಗಂಗಾಂಬಿಕಾಳ ತಲೆಗೆ ಇಳಿದದ್ದು ಮೂಳೆ ಎಂಬ ಒಂದೇ ಒಂದು ಪದ.

ಹೊರಗೆ ಬಂದು ಗಂಡನಿಂದ ಒಂದು ಕುರ್ಚಿ ಬಿಟ್ಟು ಕೂತು ಹೇಳಿದಳು. "ಸೊಂಟದ ಮೂಳೇಲೂ ಐತಂತೆ ಕಣ್ರೀ. ಇನ್ನೊಂದ್ ಕಿತ ನೋಡ್ತಾರಂತೆ."

ದೇವರಾಜು "ಯಾವ ಕಡೆ" ಎಂದ. ಬಲಗಡೆ ಎಂದಳು. ಟೀ ತರುತ್ತೇನೆಂದು ಎದ್ದು ಹೋದವನು ಕಾಲು ಗಂಟೆ ಬಿಟ್ಟು ಬರಿಗೈಯಲ್ಲಿ ಬಂದ.

ಆಕೆಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂರು ದಿನದಿಂದ ಕೂಸು ಬಾಗಿಲಾಚೆಯಿಂದ ಕೈಚಾಚಿ ಅತ್ತರೂ ಎತ್ತಿಕೊಳ್ಳದೆ ಕಲ್ಲಿನ ಹಾಗೆ ಕೂತಿದ್ದೆನಲ್ಲ, ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಪಾಲಿಸಿದೆನಲ್ಲ, ಆದರೂ ಹೀಗೇ ಆಗಬೇಕಿತ್ತಾ ಎಂದು. ಸಿಟ್ಟು ಕೂಡ ಆ ಮಂಪರಿನಲ್ಲಿ ನಿಲ್ಲಲಿಲ್ಲ. ಗೋಡೆಗಡಿಯಾರ ನೋಡುತ್ತ ನೋಡುತ್ತ, ಸೊಂಟದಲ್ಲಿ ನೋವಿದೆಯೇ ಎಂದು ಹುಡುಕಿದಳು. ಹುಡುಕಿದರೆ ನೋವು ಸಿಕ್ಕೇ ಸಿಗುತ್ತದೆ. ಮೆತ್ತಗೆ ಏನೋ ಒತ್ತುತ್ತಿರುವಂತೆಯೂ ಇತ್ತು. ಇದೇ ಅದು ಎಂದುಕೊಂಡಳು.

ಬಾತ್‌ರೂಮಿನಲ್ಲಿ ಲಂಗದ ಲಾಡಿ ಬಿಚ್ಚಿದಾಗ ಗಂಟು ಕೈಗೆ ಸಿಕ್ಕಿತು. ಅದು ಏನೆಂದು ನೆನಪಾಗಲು ಒಂದು ಚೊಂಬು ನೀರು ಸುರಿದುಕೊಳ್ಳುವಷ್ಟು ಹೊತ್ತು ಬೇಕಾಯಿತು. ನೆನಪಾದ ಮೇಲೂ ಎರಡಕ್ಕೆ ಎರಡು ಸೇರಿಸುವ ಸ್ಥಿತಿಯಲ್ಲಿ ಪಾಪ ಆ ತಲೆ ಇರಲಿಲ್ಲ. ಮೈ ತೊಳೆದು, ಒಗೆದ ಬಟ್ಟೆ ತೊಟ್ಟು, ಗಂಟನ್ನು ಎರಡು ಬೆರಳಲ್ಲಿ ತೂಗಿಸಿಕೊಂಡು ಬಂದು ತಪ್ಪು ಮಾಡಿದವರಂತೆ ನಿಂತಳು.

"ಮೇಡಂ, ಇದ್ನ ಎಲ್ಲಿಗೆ ಹಾಕ್ಲಿ? ಬಂದೇಟಿಗೇ ಕೊಡಾನ ಅಂದ್ಕಂಡಿದ್ದೆ, ಮರ್ತ್‌ಬುಟ್ಟೆ."

"ಏನದು?"

"ಹುಣಸೆಬೀಜ. ಎಂಜಲು ಎಲ್ಲೂ ಹಾಕ್‌ಬ್ಯಾಡಿ ಅಂದಿದ್ರಲ್ಲ. ಮಕ್ಳು ಆಯ್ಕಂತವೆ, ಅದ್ಕೇ ಲಾಡಿಗೆ ಕಟ್ಕಂಡಿದ್ದೆ."

ಡಾಕ್ಟರ್ ಸುನಿತಾ ಪ್ರಸನ್ನ ಕುಮಾರನ ಮುಖ ನೋಡಿದರು. ಅವನು ಗೋಡೆಗೆ ನೇತುಹಾಕಿದ್ದ, ವಿಕಿರಣ ಅಳೆಯುವ ಮೀಟರನ್ನು ತಂದು ಗಂಟಿನ ಹತ್ತಿರ ಹಿಡಿದ. ಅಲ್ಲಿಯವರೆಗೆ ಸುಮ್ಮನಿದ್ದ ಯಂತ್ರ ಎಡೆಬಿಡದೆ ಚಟಚಟಗುಟ್ಟಿತು.

"ಯಾವ ಕಡೆ ಕಟ್ಕೊಂಡಿದ್ರಿ?" ಡಾಕ್ಟರು ಕೇಳಿದರು.

ಗಂಗಾಂಬಿಕಾ ಬಲಸೊಂಟದ ಮೇಲೆ ಕೈಯಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. ಈಗ ಆ ತಲೆಗೂ ಹೊಳೆಯಿತು.

"ನಗಬೇಕೋ ಬಯ್ಯಬೇಕೋ ಗೊತ್ತಾಗ್ತಿಲ್ಲ ನಂಗೆ" ಎಂದರು ಡಾಕ್ಟರು. "ಆದ್ರೂ ಬಾಯಿಮಾತಿಗೆ ನಾನು ನಂಬಲ್ಲ. ಮಲಗಿ, ನೋಡೇಬಿಡೋಣ."

ಈ ಸಲ ಕನಸು ಬೀಳಲಿಲ್ಲ. ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಮುಗಿದ ಮೇಲೆ ಡಾಕ್ಟರು ತಾವಾಗಿ ಕರೆದು ಪರದೆ ತೋರಿಸಿದರು. ಸೊಂಟದಲ್ಲಿ ಬರೀ ಬೂದು. ಮೂಳೆಯ ಚಿತ್ರವೂ ಚೊಕ್ಕಟವಾಗಿತ್ತು. ಶ್ವಾಸಕೋಶದಲ್ಲಿ ಏನೂ ಇರಲಿಲ್ಲ. ಕತ್ತಿನ ನಡುವೆ ಮಾತ್ರ ಆ ಒಂದು ಚುಕ್ಕಿ ಹಾಗೇ ಉಳಿದಿತ್ತು.

"ಅದು ಓಗ್ಲಿಲ್ವಲ್ಲ ಮೇಡಂ."

"ಅದು ತೊಳೆದ್ರೆ ಹೋಗೋದಲ್ಲ. ಗ್ರಂಥಿ ಇದ್ದ ಜಾಗದಲ್ಲೇ ಇದೆ, ಪಕ್ಕದಲ್ಲಿ ಗಂಟುಗಿಂಟು ಇಲ್ಲ. ನಿಮ್ಮ ದನಿಯ ನರ ಆ ಗ್ರಂಥಿಗೆ ಅಂಟ್ಕೊಂಡೇ ಹೋಗುತ್ತೆ. ಆಪರೇಷನ್ ಮಾಡಿದೋರು ಆ ನರಕ್ಕೆ ಕತ್ತರಿ ತಾಗಬಾರದು ಅಂತ ಅಕ್ಕಿಕಾಳಷ್ಟು ಒಳ್ಳೇ ಗ್ರಂಥಿಯನ್ನ ಅಲ್ಲೇ ಬಿಟ್ಟಿರ್ತಾರೆ. ಬಹುಪಾಲು ಅದೇ ಇದು. ಇದೇ ಅಯೋಡಿನನ್ನ ಸ್ವಲ್ಪ ಜಾಸ್ತಿ ಕೊಟ್ರೆ ಅದೂ ಸುಟ್ಟು ಹೋಗುತ್ತೆ. ಅದಾದ ಮೇಲೆ ಮಾತ್ರೆ ಶುರು, ಈ ತೂಕಡಿಕೆ ಎಲ್ಲ ಬಿಟ್ಟು ಹೋಗುತ್ತೆ."

ಹೊರಗೆ ದೇವರಾಜು ಗೋಡೆಗೆ ಮುಖ ಮಾಡಿ ನಿಂತಿದ್ದ. ಹೇಳಿದಳು. ಅವನು ನಂಬದೆ ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಕುರ್ಚಿಯಲ್ಲಿ ಕುಸಿದು ಟವಲಿನಿಂದ ಮುಖ ಮುಚ್ಚಿಕೊಂಡ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಆಕೆ ನೋಡಿರಲಿಲ್ಲ.

"ಸ್ಪಂದನಂಗೆ ಫೋನ್ ಮಾಡಿ ಯೋಳ್‌ಬುಟ್ಟೆ ಕಣೇ" ಎಂದ ಟವಲಿನೊಳಗಿಂದ. "ಮೂಳೆಗೂ ಹತ್ತೈತೆ ಅಂತ. ಅಲ್ಲಿ ಎಲ್ರೂ ಅಳ್ತಾ ಕುಂತವ್ರೆ. ನನ್ ಕೈಲಿ ಈಗ ಮಾತಾಡಕಾಗಲ್ಲ."

ಗಂಗಾಂಬಿಕಾ ಅವನ ಫೋನು ತೆಗೆದುಕೊಂಡು ಮಗಳಿಗೆ ಮಾಡಿದಳು. ಒಂದೇ ರಿಂಗಿಗೆ ಎತ್ತಿದ ಸ್ಪಂದನಾ "ಅಪ್ಪಾ" ಎಂದವಳೇ ಬಿಕ್ಕತೊಡಗಿದಳು. ಹಿಂದೆ ಕೂಸು ಏನೋ ಬಡಿಯುತ್ತ ಕೇಕೆ ಹಾಕುತ್ತಿತ್ತು.

"ನಾನು ಕಣವ್ವ" ಎಂದಳು ಗಂಗಾಂಬಿಕಾ. "ಮೂಳೇಲಿ ಏನೂ ಇಲ್ಲ. ಎಲ್ಲೂ ಏನೂ ಇಲ್ಲ. ಅಳ್‌ಬ್ಯಾಡ."

ದನಿ ನಿಧಾನವಾಗಿತ್ತು, ಒರಟಾಗಿತ್ತು, ಆದರೆ ಅವಳದೇ ಆಗಿತ್ತು. ಆ ಕಡೆ ಬಿಕ್ಕು ನಿಂತು, ಮೂಗು ಸೀಟಿದ ಸದ್ದಾಯಿತು.

"ನಿಜವಾ ಅಮ್ಮ? ನಂಗೆ ನಂಬ್ಕೆ ಬರ್ತಿಲ್ಲ. ಇಡ್‌ಬ್ಯಾಡ ಫೋನು. ಏನಾರ ಮಾತಾಡ್ತಾ ಇರು."

ಗಂಗಾಂಬಿಕಾ ಒಂದು ಕೈಯಿಂದ ಕತ್ತಿನ ಹೊಲಿಗೆಯ ಗೆರೆ ಸವರಿಕೊಂಡಳು. ಆಮೇಲೆ ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಕ್ಕಿದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳುತ್ತ ಹೋದಳು, ಮಗಳು ಇನ್ನು ಸಾಕು ಎನ್ನಲಿಲ್ಲ.