ಬಾಲ ಕಾಣದ ಫೋಟೊ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಮೀನು, ಗಿಳಿ ಮಾರುವ ಪುಟ್ಟ ಅಂಗಡಿ ಸುನಿತಾಳದು. ಬೆಂಗಳೂರಿನಿಂದ ಮೊದಲ ಸಲ ಮೂರು ಜಾತಿಯ ಇಲಿಮರಿಗಳನ್ನು ತರಿಸಿದ್ದಳು. ಹ್ಯಾಮ್‌ಸ್ಟರ್, ಜರ್ಬಿಲ್, ಸಾಕು ಇಲಿ. ಡಬ್ಬಿಗಳನ್ನು ಸಾಲಾಗಿಟ್ಟು, ಪಾರ್ಸೆಲ್ ಚೀಟಿಯಲ್ಲಿದ್ದ ಕ್ರಮದಲ್ಲೇ ಹೆಸರು ಬರೆದು, ಒಂದು ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಬಿಟ್ಟಿದ್ದಳು. ಯಾವುದು ಯಾವುದೆಂದು ನೋಡಿ ಬರೆಯಬೇಕು ಎನ್ನುವ ಯೋಚನೆ ಅವಳ ತಲೆಗೆ ಹೊಳೆದೇ ಇರಲಿಲ್ಲ, ನೋಡಿ!

ಫೋಟೊ ನೋಡಿ ಕೊರಟಗೆರೆಯ ಪ್ರಸನ್ನ ಕುಮಾರ್ ಮೇಷ್ಟ್ರು ಫೋನ್ ಮಾಡಿದ್ದರು. ಅವರ ಮಗಳು ರಕ್ಷಾ, ಐದನೇ ಕ್ಲಾಸು, 'ಜರ್ಬಿಲ್' ಎಂದು ಬರೆದ ಡಬ್ಬಿಯ ಎರಡು ದುಂಡು ಮರಿಗಳಿಗೆ ಮನಸೋತಿದ್ದಳಂತೆ. ಜರ್ಬಿಲ್‌ಗೆ ಜೊತೆ ಬೇಕು ಎಂದು ಎಲ್ಲೋ ಓದಿ, ಎರಡನ್ನೂ ಒಂದೇ ಪಂಜರದಲ್ಲಿ ಇಡುತ್ತಾಳಂತೆ. ಅಪ್ಪ ಮಗಳು ಬಸ್ಸು ಹತ್ತಿಯಾಗಿತ್ತು. ಈ ಹೊಸ ವ್ಯಾಪಾರದ ಮೊದಲ ಗಿರಾಕಿಗಳು ಎಂದು ಸುನಿತಾ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆ ದುಂಡು ಮರಿಗಳ ಡಬ್ಬಿಯ ನಡುವೆ ಒಂದು ಹಲಗೆ ಇತ್ತು. ದಾರಿಯಲ್ಲಿ ಉರುಳಾಡದಿರಲಿ ಎಂದು ಇಟ್ಟಿರಬೇಕು ಎಂದುಕೊಂಡು, ಮಗು ಬರುವಷ್ಟರಲ್ಲಿ ಎರಡೂ ಒಟ್ಟಿಗೆ ಆಡುತ್ತಿರಲಿ ಎಂದು ಸುನಿತಾ ಅದನ್ನು ಎಳೆಯಲು ಕೈಹಾಕಿದಳು.

ಅಷ್ಟರಲ್ಲಿ ಪುರವರದಿಂದ ಬಂದಿದ್ದ ಅವಳ ಅವ್ವ ಪಾಪಕ್ಕ ಪಕ್ಕದ ಡಬ್ಬಿಗೆ ಬಗ್ಗಿ ನೋಡಿ ಕೂಗಿದಳು.

"ಲೇ ಸುನಿ! ಇವು ನಮ್ಮ ಕಡ್ಲೆಕಾಯಿ ಹೊಲದ ಬಿಲದಿಲಿ ಇದ್ದಂಗವೆ ಕಣೇ! ಬಾಲ ನೋಡು, ಮೈಯಷ್ಟೇ ಉದ್ದ, ಮೇಲೆ ಕೂದಲು, ತುದೀಲಿ ಕುಚ್ಚು! ಇವನ್ನ ದುಡ್ಡು ಕೊಟ್ಟು ತಂದ್ಬುಟ್ಟಾ?"

"ಅವ್ವ, ಅವು ಹ್ಯಾಮ್‌ಸ್ಟರ್ ಕಣವ್ವ. ಬರ್ದೈತಲ್ಲ."

"ಬರ್ದಿರೋಳು ನೀನೇ ಅಲ್ವಾ? ಮತ್ತೆ ನಿನ್ನ ಮುಂದಿರೋ ಡಬ್ಬಿ ಗುಂಡನಿಗೆ ಬಾಲವೇ ಇಲ್ವಲ್ಲೇ. ಇವೆರಡೂ ಬ್ಯಾರೆ ಜಾತಿ, ನನಗೇನು ಕಣ್ಣಿಲ್ವಾ?"

ಸುನಿತಾ ಹಲಗೆ ಬಿಟ್ಟು, ಮರಿ ಕಳಿಸಿದ್ದ ಬೆಂಗಳೂರಿನ ರಂಗೇಶನಿಗೆ ಫೋನ್ ಮಾಡಿದಳು.

"ಚೀಟಿ ಬಿಡಿ ಅಕ್ಕ, ಬಾಲ ನೋಡಿ," ಎಂದ ರಂಗೇಶ. "ಬಾಲ ಬರೀ ಮೋಟು, ಮೈ ದಪ್ಪ, ಹೊಂಬಣ್ಣದ ಕೂದಲು, ಅದು ಹ್ಯಾಮ್‌ಸ್ಟರ್. ಮರಳಿನ ಬಣ್ಣ, ಉದ್ದ ಹಿಂಗಾಲು, ಕೂದಲಿರೋ ಬಾಲ, ಅದು ಜರ್ಬಿಲ್. ಎಲ್ಲಕ್ಕಿಂತ ಸಣ್ಣಗೆ, ಬಾಲ ದಾರದಂಗೆ ಬೋಳುಬೋಳಾಗಿದ್ರೆ ಇಲಿ. ಹ್ಯಾಮ್‌ಸ್ಟರ್ ಡಬ್ಬೀಲಿರೋ ಹಲಗೆ ಮಾತ್ರ ತೆಗೀಬೇಡಿ. ಅವು ಬೆಳೆದಾಗಿದೆ, ಎರಡನ್ನ ಒಟ್ಟಿಗೆ ಬಿಟ್ರೆ ಕಚ್ಚಾಡಿ ಒಂದು ಸತ್ತೇಹೋಗುತ್ತೆ. ಜರ್ಬಿಲ್ ಒಂದೇ ತಾಯಿ ಮಕ್ಕಳು, ಅವು ಜೊತೇಲಿರಬಹುದು."

ಸುನಿತಾ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಎಲ್ಲ ಮರಿಗಳೂ ಮುಖ ಮುಂದೆ ಮಾಡಿ ಕುಳಿತಿವೆ, ಬಾಲ ಒಂದರದ್ದೂ ಕಾಣದು! ಪಾಪ, ಆ ಮಗು ದುಂಡು ಮೈ ನೋಡಿ, ಸುನಿತಾ ಬರೆದ ಹೆಸರನ್ನು ನಂಬಿದೆ. ಬಾಯಿ ಮುಚ್ಚಿಕೊಂಡು ಕೊಟ್ಟರೆ ವ್ಯಾಪಾರವೇನೋ ಆಗುತ್ತದೆ. ಆದರೆ ನಾಳೆ ಬೆಳಿಗ್ಗೆ ಆ ಪಂಜರದಲ್ಲಿ ಮಗು ನೋಡುವುದೇನು?

ರಕ್ಷಾ ಓಡಿಕೊಂಡೇ ಬಂದಳು. ನೇರ ದುಂಡು ಮರಿಗಳ ಡಬ್ಬಿಗೆ ಮೂಗು ಒತ್ತಿ, "ಅಪ್ಪಾ, ಇವೇ!" ಎಂದಳು.

"ತಪ್ಪಾಯ್ತು ಪುಟ್ಟಿ," ಎಂದಳು ಸುನಿತಾ. "ಹೆಸರು ತಿರುಗಾಮುರುಗಾ ಬರೆದ್ಬುಟ್ಟೆ. ಇವು ಹ್ಯಾಮ್‌ಸ್ಟರ್. ಎರಡನ್ನ ಜೊತೇಲಿ ಇಡಂಗಿಲ್ಲ, ಕಚ್ಚಾಡ್ತವೆ. ಜೋಡಿ ಬೇಕು ಅಂದ್ರೆ ಪಕ್ಕದ ಡಬ್ಬೀಲಿರೋ ಜರ್ಬಿಲ್ ತಗೋ. ಅವು ಒಂದೇ ತಾಯಿ ಮಕ್ಕಳು, ಚೆನ್ನಾಗಿರ್ತವೆ."

ಹುಡುಗಿಯ ಮುಖ ಬಾಡಿತು. ಕುಚ್ಚಿನ ಬಾಲದವು ಒಂದರ ಮೇಲೊಂದು ಮಲಗಿದ್ದವು. ಚೆಂದವೇ. ಆದರೂ ಅವಳ ಕಣ್ಣು ಮತ್ತೆ ದುಂಡನ ಕಡೆಗೇ ಹೋಯಿತು. ಮೇಷ್ಟ್ರು ಗಡಿಯಾರ ನೋಡಿದರು. ಹೋಯಿತು ಗಿರಾಕಿ ಎಂದುಕೊಂಡಳು ಸುನಿತಾ. ಆದರೂ ಹೇಳಿದ್ದಕ್ಕೆ ಮನಸ್ಸು ಹಗುರವಾಗಿತ್ತು.

"ಒಂದೇ ಇದ್ರೆ ಇದಕ್ಕೆ ಬೇಜಾರಾಗಲ್ವಾ ಅಜ್ಜಿ?" ಎಂದು ರಕ್ಷಾ ಪಾಪಕ್ಕನನ್ನು ಕೇಳಿದಳು.

ಸುನಿತಾಳೇ ಉತ್ತರ ಕೊಟ್ಟಳು. "ಇಲ್ಲ ಕಣಮ್ಮ. ಇದಕ್ಕೆ ತನ್ನ ಮನೆ ತನಗೇ ಇರಬೇಕು. ಇನ್ನೊಬ್ರು ಒಳಗೆ ಬಂದ್ರೇನೇ ಇದಕ್ಕೆ ಕಷ್ಟ."

ರಕ್ಷಾ ಸೊಂಟದ ಮೇಲೆ ಕೈಯಿಟ್ಟು ಅಪ್ಪನ ಕಡೆ ತಿರುಗಿದಳು.

"ನೋಡಪ್ಪ! ನನಗೂ ಬೇರೆ ರೂಮು ಕೊಡಿ, ತಮ್ಮನ ಜೊತೆ ಆಗಲ್ಲ ಅಂತ ಎಷ್ಟು ದಿನದಿಂದ ಹೇಳ್ತಾ ಇದೀನಿ? ಈ ದುಂಡನಿಗಾದ್ರೂ ಅರ್ಥ ಆಗುತ್ತೆ. ಒಬ್ಬನೇ ಸಾಕು, ಇವನನ್ನೇ ಕೊಡಿ ಆಂಟಿ."

ಪಾಪಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮೇಷ್ಟ್ರು ಮನೆಯಿಂದ ತಂದಿದ್ದ ಪಂಜರ ಎತ್ತಿ ಸುನಿತಾಳ ಮುಂದಿಟ್ಟರು.