ಎಡಗೆನ್ನೆಯ ಹಸಿರು

ಕಾಗವಾಡದ ಬಸ್‌ಸ್ಟ್ಯಾಂಡ್ ಎದುರಿಗೆ ಉಸ್ಮಾನನ ಫೋಟೋ ಸ್ಟುಡಿಯೊ ಇದೆ. ಹೋದ ಶ್ರಾವಣದಲ್ಲಿ ಜುಗೂಳದ ರಾವಸಾಹೇಬ ಅಲ್ಲಿಗೆ ಬಂದರು. ಅವರ ಸೊಸೆ ಉಜ್ವಲಾ ತೀರಿಕೊಂಡು ವಾರವಾಗಿತ್ತು. ಜ್ವರ ತಲೆಗೇರಿ ಹೋದಳು ಎಂದು ಊರೆಲ್ಲ ಹೇಳುತ್ತಿತ್ತು.

"ಭಾಯ್, ಹನ್ನೆರಡನೇ ದಿವಸಕ್ಕ ದೊಡ್ಡ ಫೋಟೋ ಬೇಕು. ವಾಸ್ತುಶಾಂತಿದಾಗ ಮಗನ ಬಾಜೂಕ ನಿಂತದ್ದು ಇದೊಂದ ಚಲೋ ಐತಿ. ಖರೆ, ಕಣ್ಣ ಮುಚ್ಯಾಳ."

"ಬ್ಯಾರೆ ಫೋಟೋ ಐತೇನ್ರಿ ಕಾಕಾ, ನೆಟ್ಟಗ ನೋಡಿದ್ದು? ಆ ಮಾರಿ ತಗದು ಇದಕ್ಕ ಕುಂದರಸ್ತೀನಿ."

ರಾವಸಾಹೇಬರ ಮೊಬೈಲಿನಲ್ಲಿ ಒಂದಿತ್ತು. ಅಡುಗೆಮನೆಯ ಬಿಳಿ ಗೋಡೆಗೆ ಒರಗಿ, ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಉಜ್ವಲಾ ನಿಂತಿದ್ದಳು. ಉಸ್ಮಾನ ಕೇಬಲ್ ಹಚ್ಚಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ.

ಮಧ್ಯಾಹ್ನ ಕೆಲಸಕ್ಕೆ ಕೂತ. ವಾಸ್ತುಶಾಂತಿಯ ಫೋಟೋ ಹಳದಿ ಬಲ್ಬುಗಳ ಬೆಳಕಿನದು. ಅಡುಗೆಮನೆಯದು ಟ್ಯೂಬ್‌ಲೈಟಿನದು, ಮುಖಕ್ಕೆ ತಣ್ಣಗಿನ ಹಸಿರು ಛಾಯೆ. ಎರಡರಲ್ಲೂ ಬೆಳಕು ಬಲಗಡೆಯಿಂದಲೇ ಬಿದ್ದಿತ್ತು, ಅಷ್ಟು ಅನುಕೂಲ. ಮುಖವನ್ನಷ್ಟೇ ಬೇರ್ಪಡಿಸಿ, ಅಂಚು ಮೃದುವಾಗಿಸಿ ಹಳೆಯ ಮುಖದ ಮೇಲೆ ಕೂಡಿಸಿದ. ಕರ್ವ್ಸ್‌ನಲ್ಲಿ ಮೊದಲು ಬೆಳಕು ಕತ್ತಲೆಯನ್ನು ಕುತ್ತಿಗೆಗೆ ಸರಿಹೊಂದಿಸಿದ. ಆಮೇಲೆ ಕಲರ್ ಬ್ಯಾಲೆನ್ಸ್‌ನಲ್ಲಿ ಹಸಿರನ್ನು ಮಜೆಂಟಾ ಕಡೆಗೆ, ನೀಲಿಯನ್ನು ಹಳದಿ ಕಡೆಗೆ ಸರಿಸಿದ. ಕುತ್ತಿಗೆಯ ಬಣ್ಣದ ಅಂಕಿಗಳನ್ನೂ ಗದ್ದದ ಬಣ್ಣದ ಅಂಕಿಗಳನ್ನೂ ಹೋಲಿಸುತ್ತ ಹೋದ. ಹಣೆ ಕೂಡಿತು, ಮೂಗು ಕೂಡಿತು, ಗದ್ದ ಕೂಡಿತು.

ಎಡಗಣ್ಣಿನ ಕೆಳಗಿನ ಕೆನ್ನೆ ಮಾತ್ರ ಕೂಡಲಿಲ್ಲ. ರೂಪಾಯಿ ನಾಣ್ಯದಷ್ಟು ಜಾಗ ಹಸಿರು ಹಳದಿಯಾಗಿಯೇ ಉಳಿಯಿತು. ಟ್ಯೂಬ್‌ಲೈಟಿನ ಛಾಯೆ ಉಳಿದಿದೆ ಅಂದುಕೊಂಡ. ಫೋಟೋದ ಮೇಲೆ ಇನ್ನೊಂದು ಲೇಯರ್, ತೆಳು ಪದರ, ಹಾಸಿ, ಬಲಗೆನ್ನೆಯ ಬಣ್ಣವನ್ನು ಅದರ ಮೇಲೆ ಸವರಿದ. ಇನ್ನೂ ಕೊಂಚ ಕಪ್ಪಾಗಿ ಕಂಡಿತು. ಅದನ್ನೂ ತಿಳಿಗೊಳಿಸಿದ. ಉಜ್ವಲಾ ಹಳದಿ ಬೆಳಕಿನಲ್ಲಿ ಗಂಡನ ಪಕ್ಕದಲ್ಲಿ ಕಳೆಕಳೆಯಾಗಿ ನಿಂತಳು.

"ಜೀವಂತ ನಿಂತಂಗ ಐತಿ," ಎಂದು ರಾವಸಾಹೇಬರು ಕಣ್ಣೊರೆಸಿಕೊಂಡರು.

ತಿಂಗಳಾದ ಮೇಲೆ ಸತ್ತಿ ಊರಿನಿಂದ ಒಬ್ಬ ಹೆಂಗಸು ಬಂದಳು. ಉಜ್ವಲಾಳ ತಾಯಿ ಗಿರಿಜವ್ವ. ಕೈಯಲ್ಲಿ ಅದೇ ಫೋಟೋದ ಸಣ್ಣ ಪ್ರತಿ. ಅದರ ಹಿಂಬದಿಗೆ ಸ್ಟುಡಿಯೊದ ಮುದ್ರೆ.

"ತಮ್ಮಾ, ಇದು ನೀ ಮಾಡಿ ಕೊಟ್ಟದ್ದೇನು?"

"ಹೌದ್ರಿ ಅವ್ವಾ. ಮಾರಿ ಬ್ಯಾರೆ ಫೋಟೋದಾಗಿಂದು."

"ಎಲ್ಲಾರೂ ಈ ಫೋಟೋ ತೋರಸ್ತಾರ. ನಿನ್ನ ಮಗಳು ಎಷ್ಟ ಸುಖದಾಗಿದ್ಲು ನೋಡು ಅಂತಾರ. ಸಾಯೂಕ್ಕಿಂತ ಹದಿನೈದ ದಿವಸ ಮೊದಲ ಫೋನ್ ಮಾಡಿದ್ಲು. ಗಂಡ ಸಂಜಯ ಹೊಡದಾನ, ಎಡಗಣ್ಣಿನ ಕೆಳಗ ಬಾತೈತಿ ಅಂದಿದ್ಲು. ಸತ್ತ ಸುದ್ದಿ ಬಂದು ನಾ ಮುಟ್ಟೂದ್ರಾಗ ಸುಟ್ಟಿದ್ರು."

ಉಸ್ಮಾನ ಹಳೆಯ ಫೈಲ್ ತೆರೆದ. ತಾನು ಹಚ್ಚಿದ ಲೇಯರುಗಳನ್ನು ಒಂದೊಂದಾಗಿ ಸರಿಸಿದ. ಮೊದಲು ಕೆನ್ನೆಯ ಬಣ್ಣ ಹೋಯಿತು, ಕಲೆ ಎದ್ದಿತು. ಮೂಲ ಫೋಟೋ ತೆರೆದು ಬಿಳಿ ಗೋಡೆ ನೋಡಿದ, ಕಣ್ಣಿನ ಬಿಳಿಭಾಗ ನೋಡಿದ, ಮಗುವಿನ ಕೆನ್ನೆ ನೋಡಿದ. ಟ್ಯೂಬ್‌ಲೈಟಿನ ಛಾಯೆ ಎಲ್ಲದರ ಮೇಲೂ ಒಂದೇ ಸಮನಾಗಿತ್ತು, ಒಂದೇ ತಿದ್ದುಪಡಿಗೆ ಎಲ್ಲವೂ ತಿಳಿಯಾಗುತ್ತಿದ್ದವು. ಆ ಒಂದು ಕಲೆಯನ್ನು ಬಿಟ್ಟು. ಅದು ಬೆಳಕಿನದಲ್ಲ, ಚರ್ಮದ್ದು. ಪೌಡರ್ ಹಚ್ಚಿ ಮುಚ್ಚಿಕೊಂಡಿದ್ದ ಹಳೆ ಪೆಟ್ಟು. ಫೈಲಿನೊಳಗಿನ ದಿನಾಂಕ ಅವಳು ಸಾಯುವ ಒಂಬತ್ತು ದಿನ ಮೊದಲಿನದು.

"ಅವ್ವಾ," ಎಂದ, "ನಾನ ಅಳಿಸೇನಿ. ಗೊತ್ತಾಗಲಿಲ್ಲ."

ಗಿರಿಜವ್ವ ಪರದೆಯ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಹಿಂಗ ಇದ್ಲು ನನ್ನ ಮಗಳು," ಎಂದಳು. "ಹಿಂಗ ಇದ್ದದ್ದ ಕೊಡು ನನಗ."

ಮೂಲ ಫೋಟೋವನ್ನೂ ಲೇಯರ್ ಇದ್ದ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಉಸ್ಮಾನ ಅವಳ ಜೊತೆ ಠಾಣೆಗೆ ಹೋದ. ಅಂದು ಸಂಜೆಯೇ ರಾವಸಾಹೇಬರು ಬಂದು ಕೌಂಟರ್ ಹಿಡಿದು ನಿಂತರು.

"ನನ್ನ ಫೋನಿನ ಫೋಟೋ ಒಯ್ದು ನನ್ನ ಮಗನ ಮ್ಯಾಲೆ ಅಪವಾದ ಹೊರಸಿದಿ."

"ಕಾಕಾ, ನಿಮಗ ಗೊತ್ತಿತ್ತೇನ್ರಿ?"

ಅವರು ಕೌಂಟರ್ ಬಿಟ್ಟು ಮೆಟ್ಟಿಲು ಇಳಿದು ಹೋದರು. ಆಮೇಲೆ ಜುಗೂಳದಿಂದ ಮದುವೆಯ ಒಂದು ಆರ್ಡರೂ ಬರಲಿಲ್ಲ.

ಪ್ರಕರಣ ಕೋರ್ಟಿಗೆ ಹೋಯಿತು. ಸಂಜಯ ಜಾಮೀನಿನ ಮೇಲೆ ಹೊರಬಂದ. ಕಳೆದ ತಿಂಗಳು ಉಸ್ಮಾನನ ಸಾಕ್ಷಿ ನಡೆಯಿತು. ಗೋಡೆ, ಕಣ್ಣು, ಮಗುವಿನ ಕೆನ್ನೆ ಎಲ್ಲವನ್ನೂ ತೋರಿಸಿ ಹೇಳಿದ. ಸಂಜಯನ ವಕೀಲರು ಒಂದೇ ಪ್ರಶ್ನೆ ಕೇಳಿದರು.

"ಬಣ್ಣ ತಗಿಯಾಕ ಬರೂವಂಗ ಹಚ್ಚಾಕೂ ಬರತೈತಿ ಹೌದಿಲ್ಲೋ?"

"ಬರತೈತ್ರಿ," ಎಂದ ಉಸ್ಮಾನ. "ಖರೆ ನಾ ತಗದದ್ದಷ್ಟ. ಮೊದಲಿನ ಫೋಟೋ ರಾವಸಾಹೇಬರ ಫೋನಿನಾಗ ಐತ್ರಿ."

ಫೋನು ಕಳೆದುಹೋಗಿದೆ ಎಂದು ರಾವಸಾಹೇಬರು ಅದಕ್ಕೂ ಮೊದಲೇ ಠಾಣೆಗೆ ಬರೆದುಕೊಟ್ಟಿದ್ದರು. ನ್ಯಾಯಾಧೀಶರು ವಿಚಾರಣೆಗೆ ಮುಂದಿನ ದಿನಾಂಕ ಕೊಟ್ಟರು. ಹೊರಗೆ ಗಿರಿಜವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು. ಉಸ್ಮಾನ ಹೋಗಿ ಪಕ್ಕದಲ್ಲಿ ಕೂತ.