ಅರ್ಧ ಅಚ್ಚಾದ ಉತ್ತರ

ಡೊಂಬಿವಲಿಯ ಕನ್ನಡ ಸಂಘವೊಂದರ ಮಾಸಿಕದಲ್ಲಿ ಡಾಕ್ಟರ್ ವಾರಿಜಾ ಆರು ವರ್ಷಗಳಿಂದ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಏಪ್ರಿಲ್‌ನಲ್ಲಿ ಸಾನಪಾಡಾದ ಯಜ್ಞೇಶ್ವರ ಎಂಬವರ ಪತ್ರ ಬಂತು. ಅವರು ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಮೂವತ್ತು ವರ್ಷ ಹೋಟೆಲು ನಡೆಸಿ ಈಗ ಮನೆಯಲ್ಲಿರುವವರು. ಹೆಂಡತಿ ವೇದಾವತಿಗೆ ಅರವತ್ತೇಳು, ಜೊತೆಗೆ ಉಬ್ಬಸ. ಎರಡು ವರ್ಷ ಫ್ಲೂ ಇಂಜೆಕ್ಷನ್ ತೆಗೆದುಕೊಂಡಿದ್ದರು. ಪ್ರತಿವರ್ಷ ಹಾಕಿಸಿದರೆ ಮೈಯ ಸ್ವಂತ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ ಎಂಬುದು ಅವರ ಪ್ರಶ್ನೆ.

ಏನನ್ನೂ ಮುಚ್ಚಿಡಬಾರದೆಂದು ವಾರಿಜಾ ಮೊದಲು ಹೀಗೆ ಬರೆದರು: ಪ್ರತಿವರ್ಷ ಹಾಕಿಸಿಕೊಂಡವರಲ್ಲಿ ಕೆಲವು ವರ್ಷ ಲಸಿಕೆಯ ಪರಿಣಾಮ ತುಸು ಕಡಿಮೆ ಇರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಉಳಿದದ್ದು ಆಮೇಲೆ ಬಂತು. ಆದರೂ ಹಾಕಿಸಿಕೊಳ್ಳದವರಿಗಿಂತ ಅವರಿಗೆ ರಕ್ಷಣೆ ಹೆಚ್ಚು. ಲಸಿಕೆ ಮೈಯ ಶಕ್ತಿಯನ್ನು ಕುಗ್ಗಿಸುವುದಿಲ್ಲ, ವೈರಸ್ಸನ್ನು ಗುರುತಿಸಲು ಕಲಿಸುತ್ತದೆ. ಆ ರಕ್ಷಣೆ ತಿಂಗಳು ಕಳೆದಂತೆ ಇಳಿಯುತ್ತದೆ, ವೈರಸ್ಸೂ ಬದಲಾಗುತ್ತದೆ, ಅದಕ್ಕೇ ಪ್ರತಿವರ್ಷ. ನಿಮ್ಮ ಮನೆಯವರು ಮಳೆಗಾಲಕ್ಕೆ ಮೊದಲೇ ಹಾಕಿಸಿಕೊಳ್ಳಲಿ.

ಮೇ ಸಂಚಿಕೆ ಬಂದಾಗ ವಾರಿಜಾ ಬಿಡಿಸಿಯೂ ನೋಡಲಿಲ್ಲ.

ಆಗಸ್ಟ್‌ನಲ್ಲಿ ಯಜ್ಞೇಶ್ವರ ಅದೇ ಸಂಚಿಕೆ ಹಿಡಿದು ಕ್ಲಿನಿಕ್ಕಿಗೆ ಬಂದರು.

"ವೇದಾವತಿ ಜುಲೈಯಲ್ಲಿ ಹೋದಳು ಡಾಕ್ಟ್ರೇ. ಫ್ಲೂ ಬಂದು ನ್ಯುಮೋನಿಯಾ ಆಯ್ತು. ಹನ್ನೊಂದು ದಿವಸ ಐಸಿಯುನಲ್ಲಿ ಇದ್ದಳು. ಇದನ್ನು ಓದಿ, ಈ ವರ್ಷ ಇಂಜೆಕ್ಷನ್ ಬೇಡ ಅಂತ ಹೇಳಿದ್ದು ನಾನೇ."

ಪುಟದಲ್ಲಿ ಇದ್ದದ್ದು ಮೊದಲ ವಾಕ್ಯ ಮಾತ್ರ. ಅದರ ಕೆಳಗೆ ಅರ್ಧ ಪುಟದ ಫ್ಲ್ಯಾಟಿನ ಜಾಹೀರಾತು. ವಾರಿಜಾ ಅವರೆದುರಿಗೇ ಸಂಪಾದಕ ಶೇಖರನಿಗೆ ಫೋನು ಹಚ್ಚಿದರು.

"ಘೋಡಬಂದರ್ ರೋಡಿನ ಬಿಲ್ಡರ್‌ದು ಕೊನೇ ಗಳಿಗೆಗೆ ಬಂತು ಮೇಡಂ, ಜಾಗ ಸಾಲ್ಲಿಲ್ಲ," ಎಂದ ಆತ. "ಮುಖ್ಯ ವಿಷಯ ಮೊದಲೇ ಇರ್ತದಲ್ಲ ಅಂತ ಕೆಳಗಿಂದ ಕಟ್ ಮಾಡಿದೆ."

ವಾರಿಜಾ ಫೋನಿಟ್ಟರು. ಮುಖ್ಯ ವಿಷಯವನ್ನು ಕೆಳಗಿಟ್ಟವರು ತಾವೇ.

"ಪೂರ್ತಿ ಎಂತ ಬರೆದಿದ್ರಿ?" ಎಂದರು ಯಜ್ಞೇಶ್ವರ.

ವಾರಿಜಾ ಕಂಪ್ಯೂಟರಿನಲ್ಲಿದ್ದುದನ್ನು ಓದಿ ಹೇಳಿದರು. ಯಜ್ಞೇಶ್ವರ ಕೊನೆಯವರೆಗೂ ಕೇಳಿದರು.

"ಹಾಕಿಸಿದ್ರೆ ಉಳೀತಿದ್ಳಾ?"

"ಖಂಡಿತ ಅಂತ ಹೇಳಲಾರೆ. ಹಾಕಿಸಿಕೊಂಡವರಿಗೂ ಫ್ಲೂ ಬರುತ್ತದೆ. ಆದರೆ ಇಷ್ಟು ಜೋರಾಗುವ ಸಾಧ್ಯತೆ ಕಡಿಮೆ ಇರುತ್ತಿತ್ತು."

"ನೀವು ಯಾವಾಗ್ಲೂ ಹೀಗೇ ಅಲ್ವಾ ಹೇಳುದು," ಎಂದು ಅವರು ಎದ್ದರು. "ಒಂದು ಮಾತು. ಮತ್ತೆ ಒಂದು 'ಆದರೆ'."

ವಾರಿಜಾ ಕ್ಷಮೆ ಕೇಳಿದರು. ಯಜ್ಞೇಶ್ವರ ಬಾಗಿಲು ಎಳೆದುಕೊಂಡು ಹೋದರು.

ಸೆಪ್ಟೆಂಬರ್ ಸಂಚಿಕೆಯಲ್ಲಿ, ಶೇಖರ ಎಷ್ಟು ಗೊಣಗಿದರೂ, ಉತ್ತರ ತಿದ್ದುಪಡಿಯೊಂದಿಗೆ ಪೂರ್ತಿ ಅಚ್ಚಾಯಿತು. 'ಇಲ್ಲ, ಕುಗ್ಗಿಸುವುದಿಲ್ಲ' ಎಂಬುದು ಮೊದಲ ಸಾಲು. ಸಾನಪಾಡಾಕ್ಕೆ ವಾರಿಜಾ ತಾವೇ ಒಂದು ಪ್ರತಿ ಕಳಿಸಿದರು. ಲಕೋಟೆ ಒಡೆಯದೆ ಹಾಗೆಯೇ ಹಿಂದಿರುಗಿತು.